ಒಂದೇ ಹೆಸರಿನ ಇಬ್ಬರು, ಸ್ಕ್ಯಾನ್ ಬೇಕಿದ್ದುದು ಒಬ್ಬರಿಗೆ

ಪ್ರಶ್ನೆ: ಅಮ್ಮನನ್ನು ವಾರ್ಡಿನಿಂದ ಸಿ.ಟಿ. ಸ್ಕ್ಯಾನಿಗೆ ಕರೆದುಕೊಂಡು ಹೋದರು. ಮೇಜಿನ ಮೇಲೆ ಮಲಗಿಸಿದ ಮೇಲೆ ‘ಇವರಲ್ಲ, ಬೇರೆಯವರು’ ಎಂದು ವಾಪಸ್ ಕಳಿಸಿದರು. ವರದಿ ಬರೆದಿದ್ದೇವೆ ಎಂದರು. ಏನೂ ಆಗಿಲ್ಲ ಎಂದ ಮೇಲೆ ವರದಿ ಯಾಕೆ? ಅದರಲ್ಲಿ ಏನಿರುತ್ತದೆ?

ಉತ್ತರ (ರೇಡಿಯೋಗ್ರಾಫರ್): ನಮ್ಮಲ್ಲಿ ನಡೆದ ಇಂಥದ್ದೇ ಒಂದು ಪ್ರಸಂಗ ಹೇಳುತ್ತೇನೆ. ಒಬ್ಬರಿಗೆ ಹೊಟ್ಟೆಯ ಸಿ.ಟಿ. ಆಗಬೇಕಿತ್ತು, ರಕ್ತನಾಳಕ್ಕೆ ಕಾಂಟ್ರಾಸ್ಟ್, ಅಂದರೆ ಚಿತ್ರ ಸ್ಪಷ್ಟವಾಗಿ ಕಾಣಲು ಹಾಕುವ ಔಷಧ, ಕೊಟ್ಟು. ಅದೇ ವಾರ್ಡಿನಲ್ಲಿ ಅದೇ ಹೆಸರಿನ ಇನ್ನೊಬ್ಬ ಅಜ್ಜಿ ಇದ್ದರು. ಕರೆತರಲು ಹೋದವರ ಚೀಟಿಯಲ್ಲಿ ಬರೀ ಹೆಸರಿತ್ತು. ‘ನೀವೇ ತಾನೇ?’ ಎಂದು ಕೇಳಿದರು. ಅಜ್ಜಿಗೆ ಕಿವಿ ಮಂದ, ತಲೆಯಾಡಿಸಿದರು. ಹೌದು ಎನ್ನಿಸುವ ಪ್ರಶ್ನೆ ಕೇಳಿದರೆ ಆಗುವುದೇ ಹೀಗೆ.

ಅದಕ್ಕೇ ನಾವು ಹೆಸರನ್ನು ಮೊದಲೇ ಹೇಳುವುದಿಲ್ಲ. ‘ಪೂರ್ತಿ ಹೆಸರು ಹೇಳಿ, ಹುಟ್ಟಿದ ದಿನ ಹೇಳಿ’ ಎಂದು ಕೇಳಿ, ಆ ಉತ್ತರವನ್ನು ಕೈಪಟ್ಟಿಗೂ ಸ್ಕ್ಯಾನ್ ಕೋರಿಕೆಯ ಹಾಳೆಗೂ ಹೋಲಿಸುತ್ತೇವೆ. ಅಜ್ಜಿ ಹೆಸರನ್ನಷ್ಟೇ ಹೇಳಿದರು, ಹುಟ್ಟಿದ ದಿನ ಅವರಿಗೆ ನೆನಪಿರಲಿಲ್ಲ. ‘ಏನು ತೊಂದರೆ?’ ಎಂದಾಗ ‘ಕೆಮ್ಮು’ ಎಂದರು. ಹಾಳೆಯಲ್ಲಿದ್ದುದು ಹೊಟ್ಟೆನೋವು, ಹಿಂದೆ ಆದ ಹೊಟ್ಟೆಯ ಆಪರೇಷನ್. ಹೊಟ್ಟೆಯ ಮೇಲೆ ಹೊಲಿಗೆಯ ಗುರುತೇ ಇಲ್ಲ! ಕೈಪಟ್ಟಿಯ ಆಸ್ಪತ್ರೆ ನಂಬರ್ ನೋಡಿದರೆ ಕೊನೆಯ ಎರಡು ಅಂಕಿ ಬೇರೆ. ಅಲ್ಲಿಗೇ ನಿಲ್ಲಿಸಿದೆವು.

ಮುಂದುವರಿದಿದ್ದರೆ? ಹೊಟ್ಟೆಯ ಸಿ.ಟಿ.ಯ ವಿಕಿರಣ ಸುಮ್ನೆ ಬೀಳುತ್ತಿತ್ತು. ಅದಕ್ಕಿಂತ ನನಗೆ ಹೆದರಿಕೆ ಕಾಂಟ್ರಾಸ್ಟಿನದು. ಹಾಳೆಯಲ್ಲಿದ್ದ, ಕಿಡ್ನಿ ಹೇಗಿದೆ ಎಂದು ತಿಳಿಸುವ ಕ್ರಿಯಾಟಿನಿನ್ ರಕ್ತಪರೀಕ್ಷೆ, ಅಲರ್ಜಿ ವಿವರ ಎಲ್ಲ ಇನ್ನೊಬ್ಬರದು, ಈ ಅಜ್ಜಿಯ ಕಿಡ್ನಿ ಹೇಗಿದೆ ಎಂಬುದೇ ನಮಗೆ ಗೊತ್ತಿರಲಿಲ್ಲ. ಜೊತೆಗೆ ಚಿತ್ರಗಳೆಲ್ಲ ಇನ್ನೊಬ್ಬರ ಹೆಸರಲ್ಲಿ ಸೇವ್ ಆಗುತ್ತಿದ್ದವು. ಅವರ ಹೊಟ್ಟೆ ಸರಿಯಿದೆ ಎಂದು ವೈದ್ಯರು ನಂಬಿಬಿಡಬಹುದಿತ್ತು.

ವರದಿಯಲ್ಲಿ ಇದನ್ನೇ ಬರೆದೆವು. ಯಾರು ಏನು ಕೇಳಿದರು, ಅಜ್ಜಿ ಏನಂದರು, ಯಾವ ಹಂತದಲ್ಲಿ ಗೊತ್ತಾಯಿತು. ಎಕ್ಸ್‌ರೇ ಹಾಯಿಸಿಲ್ಲ, ಇಂಜೆಕ್ಷನ್ ಕೊಟ್ಟಿಲ್ಲ ಎಂದು ಬೇರೆಯಾಗಿ ನಮೂದಿಸಿದೆವು. ವಾರ್ಡಿಗೂ, ಸ್ಕ್ಯಾನ್ ಬರೆದುಕೊಟ್ಟ ವೈದ್ಯರಿಗೂ, ಅಜ್ಜಿಯ ಮನೆಯವರಿಗೂ ತಿಳಿಸಿದ ಹೊತ್ತನ್ನು ಬರೆದೆವು. ಯಾರ ತಪ್ಪು ಎಂಬ ತೀರ್ಮಾನ ಅದರಲ್ಲಿ ಇರಲಿಲ್ಲ. ಚೀಟಿಯಲ್ಲಿ ಬರೀ ಹೆಸರಿತ್ತು ಎಂಬ ಒಂದು ಸಾಲೇ ಜಾಸ್ತಿ ಕೆಲಸಕ್ಕೆ ಬಂತು. ಈಗ ಚೀಟಿಯಲ್ಲಿ ಪೂರ್ತಿ ಹೆಸರು, ನಂಬರ್ ಎರಡೂ ಇರುತ್ತವೆ, ಹಾಸಿಗೆಯ ಹತ್ತಿರವೇ ಕೈಪಟ್ಟಿಗೆ ಹೋಲಿಸಿ ಹೊರಡುತ್ತಾರೆ. ಸ್ಕ್ಯಾನ್ ಬೇಕಿದ್ದವರಿಗೆ ಅವತ್ತೇ ಆಯಿತು.

ನಿಮ್ಮ ಅಮ್ಮನ ವಿಷಯದಲ್ಲಿ ಎರಡು ಪ್ರಶ್ನೆ ಕೇಳಿ: ಸ್ಕ್ಯಾನಿಗೆ ಮೊದಲು ಜಾಗ ಗುರುತಿಸಲು ತೆಗೆಯುವ ಚಿತ್ರವನ್ನಾದರೂ ತೆಗೆದಿದ್ದರಾ, ಕಾಂಟ್ರಾಸ್ಟ್ ಕೊಟ್ಟಿದ್ದರಾ? ಚಿತ್ರ ತೆಗೆದಿದ್ದರೆ ವಿಕಿರಣದ ಪ್ರಮಾಣ ಅಮ್ಮನ ಫೈಲಿನಲ್ಲಿ ಬರೆದಿರಬೇಕು, ಆ ಚಿತ್ರ ಇನ್ನೊಬ್ಬರ ಹೆಸರಲ್ಲಿ ಉಳಿದಿರಬಾರದು.