ಲಾಗ್‌ನಿಂದ ರೂಪಾಯಿಗೆ ವಾಪಸ್ ಬರುವಾಗ

ಓದುಗರ ಪತ್ರ: ನಾನು ಬಸವನಗುಡಿಯ ಎಂ.ಕಾಂ. ವಿದ್ಯಾರ್ಥಿನಿ. ನಮ್ಮ ಸುತ್ತಮುತ್ತಲಿನ 140 ಮನೆಗಳ ಬಾಡಿಗೆ ಬರೆದುಕೊಂಡು, ಅದರ ಲಾಗ್ ತೆಗೆದು ರಿಗ್ರೆಷನ್ ಮಾಡಿದೆ. ಉತ್ತರಗಳನ್ನು `exp` ಹಾಕಿ ರೂಪಾಯಿಗೆ ತಂದು ಕೂಡಿದರೆ, ನಿಜವಾದ ಒಟ್ಟು ಬಾಡಿಗೆಗಿಂತ ತುಂಬಾ ಕಡಿಮೆ ಬರುತ್ತದೆ. ಎಲ್ಲಿ ತಪ್ಪಿದೆ? ಕಾರ್ ಪಾರ್ಕಿಂಗ್‌ನ ಗುಣಾಂಕ 0.45, ಮೆಟ್ರೊದಿಂದ ದೂರದ ಗುಣಾಂಕ (ಕಿ.ಮೀ.ಗೆ) −0.18. ಇವನ್ನು ಹೇಗೆ ಓದಬೇಕು?

ಸಂಪಾದಕರ ಉತ್ತರ: ನೀವು ಲೆಕ್ಕ ತಪ್ಪಿಲ್ಲ. ವಾಪಸ್ ಬಂದ ಸಂಖ್ಯೆಯನ್ನು ಸರಾಸರಿ ಅಂದುಕೊಂಡಿದ್ದೀರಿ, ಅಷ್ಟೇ. ಅದು ಸರಾಸರಿ ಅಲ್ಲ.

ನೀವು ಪತ್ರದ ಜೊತೆ ಕಳಿಸಿದ ಚಿತ್ರ ನೋಡಿದೆ. ಹೆಚ್ಚಿನ ಮನೆಗಳು ಎಡಗಡೆ ಗುಂಪಾಗಿವೆ, ನಾಲ್ಕೈದು ದೊಡ್ಡ ಮನೆಗಳು ಮಾತ್ರ ಬಲಕ್ಕೆ ದೂರ ಹೋಗಿ ನಿಂತಿವೆ. ಇಂಥ ಬಾಲಕ್ಕೆ ಲಾಗ್ ಸರಿಯಾದ ಉಪಾಯ. ಆದರೆ ಲಾಗ್ ಏನು ಮಾಡುತ್ತದೆ ಅಂತ ಐದೇ ಮನೆ ಇಟ್ಟುಕೊಂಡು ನೋಡೋಣ. ಬಾಡಿಗೆ 5, 10, 20, 40, 80 ಸಾವಿರ ಇರಲಿ. ಒಟ್ಟು 155 ಸಾವಿರ, ಸರಾಸರಿ 31 ಸಾವಿರ. ಪ್ರತಿ ಮನೆಯೂ ಹಿಂದಿನದರ ಎರಡು ಪಟ್ಟು. ಹಾಗಾಗಿ ಲಾಗ್ ತೆಗೆದ ಮೇಲೆ ಐದೂ ಸಮ ದೂರದಲ್ಲಿ ಕೂರುತ್ತವೆ. ಆ ಲಾಗ್‌ಗಳ ಸರಾಸರಿ ಸರಿಯಾಗಿ ನಡುವಿನ ಮನೆಯ ಮೇಲೆ ಬೀಳುತ್ತದೆ. `exp` ಹಾಕಿದರೆ 20 ಸಾವಿರ. ಇದು ಗುಣೋತ್ತರ ಸರಾಸರಿ. ಲಾಗ್‌ನಲ್ಲಿ ಹರಡಿಕೆ ಎರಡೂ ಕಡೆ ಸಮವಾಗಿದ್ದರೆ ಮಧ್ಯಾಂಕವೂ ಇದೇ. ಐದು ಮನೆಗೆ 20 ಸಾವಿರದಂತೆ ಕೂಡಿದರೆ ಒಂದು ಲಕ್ಷ. ಉಳಿದ 55 ಸಾವಿರ ಕಾಣೆ, ಅಲ್ವಾ? ನಿಮ್ಮ ಪಟ್ಟಿಯಲ್ಲಿ ಆಗಿರುವುದೂ ಇದೇ.

ಹಾಗಾದರೆ 20 ಸಾವಿರ ಸುಳ್ಳೇ? ಖಂಡಿತ ಅಲ್ಲ. ಮನೆ ಹುಡುಕುತ್ತಿರುವವರು ಕೇಳಿದರೆ ನಾನು ಹೇಳುವುದು ಅದನ್ನೇ, ಅರ್ಧ ಮನೆಗಳು ಅದಕ್ಕಿಂತ ಕಡಿಮೆಗೆ ಸಿಗುತ್ತವೆ ಅಂತ. ಬೀದಿಯ ಒಟ್ಟು ಬಾಡಿಗೆ ಎಷ್ಟು ಅನ್ನುವವರಿಗೆ ಮಾತ್ರ ಸರಾಸರಿ ಬೇಕು. ಯಾವ ಪ್ರಶ್ನೆಗೆ ಉತ್ತರ ಕೊಡುತ್ತಿದ್ದೀರಿ ಅಂತ ಮೊದಲು ತೀರ್ಮಾನಿಸಿ.

ಸರಾಸರಿಯೇ ಬೇಕಾದರೆ ದಾರಿ ಇದೆ. ಪ್ರತಿ ಮನೆಯ ನಿಜವಾದ ಬಾಡಿಗೆ ನಿಮ್ಮ ಅಂದಾಜಿನ ಎಷ್ಟು ಪಟ್ಟು ಅಂತ ನೋಡಿ. ನಮ್ಮ ಐದು ಮನೆಗೆ ಅದು 0.25, 0.5, 1, 2, 4. ಇವುಗಳ ಸರಾಸರಿ 1.55. ಈಗ 20 ಸಾವಿರವನ್ನು 1.55ರಿಂದ ಗುಣಿಸಿ: 31 ಸಾವಿರ, ಕಳೆದುಹೋದದ್ದು ವಾಪಸ್ ಬಂತು. ಇದನ್ನು 1983ರಲ್ಲಿ ನೈಹುವಾ ಡುವಾನ್ ಸೂಚಿಸಿದರು, ಸ್ಮಿಯರಿಂಗ್ ಅನ್ನುತ್ತಾರೆ. R ಬಳಸುವುದಾದರೆ, `m` ನಿಮ್ಮ ಮಾದರಿ ಅಂತಿಟ್ಟುಕೊಂಡರೆ ಎರಡೇ ಸಾಲು:

```
k <- mean(exp(residuals(m)))
k * exp(predict(m))
```

ಮೆಟ್ರೊ, ಪಾರ್ಕಿಂಗ್ ಎಲ್ಲ ಸೇರಿದ ಮಾದರಿಯಲ್ಲಿ ಮೊತ್ತ ಇಷ್ಟು ಕರಾರುವಾಕ್ಕಾಗಿ ಕೂಡಿಬರುವುದಿಲ್ಲ, ಹತ್ತಿರ ಬರುತ್ತದೆ. ಪುಸ್ತಕಗಳಲ್ಲಿ `exp(s^2/2)` ಅನ್ನುವ ಗುಣಕವೂ ಸಿಗುತ್ತದೆ, ಇಲ್ಲಿ `s^2` ಅಂದರೆ ಲಾಗ್‌ನಲ್ಲಿ ಉಳಿದ ವ್ಯತ್ಯಾಸಗಳ ವೇರಿಯನ್ಸ್. ಅವು ನಾರ್ಮಲ್ ಗಂಟೆಯಾಕಾರದಲ್ಲಿದ್ದರೆ ಮಾತ್ರ ಅದನ್ನು ನಂಬಬಹುದು. ನನಗೆ ಡುವಾನ್ ದಾರಿಯೇ ಇಷ್ಟ, ಅದು ಆಕಾರದ ಬಗ್ಗೆ ಏನನ್ನೂ ಊಹಿಸುವುದಿಲ್ಲ.

ಅದಕ್ಕೂ ಒಂದು ಮಿತಿ ಇದೆ. ಒಂದೇ ಗುಣಕ ಎಲ್ಲ ಮನೆಗೂ ಹೊಂದಬೇಕಾದರೆ, ಲಾಗ್‌ನಲ್ಲಿ ಹರಡಿಕೆ ಎಲ್ಲ ಕಡೆ ಒಂದೇ ಥರ ಇರಬೇಕು. ಪಾರ್ಕಿಂಗ್ ಇಲ್ಲದ ಮನೆಗಳ ಬಾಡಿಗೆ ಒಂದಕ್ಕೊಂದು ಹತ್ತಿರವಿದ್ದು, ಪಾರ್ಕಿಂಗ್ ಇರುವವು ಎಲ್ಲೆಲ್ಲೋ ಹರಡಿದ್ದರೆ, ಒಂದೇ ಗುಣಕ ಮೊದಲಿನವನ್ನು ಸುಮ್ನೆ ಏರಿಸುತ್ತದೆ, ಎರಡನೆಯವನ್ನು ಇಳಿಸುತ್ತದೆ. ಒಟ್ಟು ಮೊತ್ತ ಸರಿಹೋದಂತೆ ಕಂಡು ತಪ್ಪು ಅಡಗಿಕೊಳ್ಳುತ್ತದೆ. `k`ಯನ್ನು ಎರಡೂ ಗುಂಪಿಗೆ ಬೇರೆ ಬೇರೆ ಲೆಕ್ಕ ಹಾಕಿ. 1.1 ಮತ್ತು 1.6 ಥರ ದೂರ ದೂರ ಬಂದರೆ ಆಯಾ ಗುಂಪಿಗೆ ಅದರದ್ದೇ ಗುಣಕ ಬಳಸಿ.

ಈಗ ಗುಣಾಂಕಗಳು. 0.45 ಅಂದರೆ 45% ಜಾಸ್ತಿ ಅಂತ ಓದಬೇಡಿ. `exp(0.45)` ಸುಮಾರು 1.57, ಅಂದರೆ ಉಳಿದದ್ದೆಲ್ಲ ಒಂದೇ ಇದ್ದರೆ ಪಾರ್ಕಿಂಗ್ ಇರುವ ಮನೆಯ ಬಾಡಿಗೆ 57% ಜಾಸ್ತಿ. 0.05ರಂಥ ಚಿಕ್ಕ ಸಂಖ್ಯೆಗೆ ನೇರವಾಗಿ 5% ಅಂದರೆ ನಡೆಯುತ್ತದೆ, 0.45ಕ್ಕೆ ನಡೆಯುವುದಿಲ್ಲ. −0.18 ಅಂದರೆ ಕಿಲೋಮೀಟರಿಗೆ 0.835 ಪಟ್ಟು, 16.5% ಕಡಿಮೆ. ಎರಡು ಕಿಲೋಮೀಟರಿಗೆ 33% ಅಲ್ಲ, 0.835ನ್ನು ಮತ್ತೆ 0.835ರಿಂದ ಗುಣಿಸಿ, ಸುಮಾರು 30% ಕಡಿಮೆ. ಇಲ್ಲಿ ಎಲ್ಲವೂ ಗುಣಾಕಾರ, ಕೂಡುವುದಿಲ್ಲ. ಈ ಶೇಕಡಾ ಲೆಕ್ಕಕ್ಕೆ ಸ್ಮಿಯರಿಂಗ್ ಬೇಕಾಗಿಲ್ಲ, ಎರಡೂ ಕಡೆ ಒಂದೇ `k` ಇದ್ದರೆ ಭಾಗಿಸುವಾಗ ಹೊಡೆದುಹೋಗುತ್ತದೆ.

ನೀವು ಎಕ್ಸೆಲ್‌ನಲ್ಲಿ ಲಾಗ್ ತೆಗೆದಿದ್ದರೆ ಒಂದು ಮಾತು. ಅಲ್ಲಿ `LOG` ಅಂದರೆ 10ರ ಆಧಾರದ್ದು, `LN` ಬೇರೆ. `LOG` ತೆಗೆದು `EXP`ನಿಂದ ವಾಪಸ್ ಬಂದರೆ 20,000ದ ಮನೆ 74 ರೂಪಾಯಿಗೆ ಇಳಿಯುತ್ತದೆ. ನಿಮ್ಮ ಮೊತ್ತ ಅಷ್ಟು ಕುಸಿದಿಲ್ಲ, ಆದ್ದರಿಂದ ಆ ತಪ್ಪು ನಿಮ್ಮದಲ್ಲ. ಪಾರ್ಕಿಂಗ್ ಇರುವ, ಇಲ್ಲದ ಗುಂಪುಗಳ `k` ಎಷ್ಟು ಬಂತು ಅಂತ ನನಗೂ ಬರೆದು ತಿಳಿಸಿ.