ಬಣ್ಣ ಬದಲಿಸಬೇಕಾದದ್ದು ಹನ್ನೊಂದನೇ ಲೇಯರ್‌ನಲ್ಲಿ

ಪ್ರಶ್ನೆ: ಕಾಫಿ ತೋಟದ ಗೇಟಿಗೆ 3ಡಿ ಪ್ರಿಂಟರ್‌ನಲ್ಲಿ ಹೆಸರಿನ ಬೋರ್ಡ್ ಪ್ರಿಂಟ್ ಮಾಡಿದೆ. 2 ಮಿ.ಮೀ. ಕಪ್ಪು ಪ್ಲೇಟು, ಅದರ ಮೇಲೆ 1 ಮಿ.ಮೀ. ಬಿಳಿ ಅಕ್ಷರ. ಎಲ್ಲಾ ಲೇಯರೂ 0.2. ಸ್ಲೈಸರ್‌ನಲ್ಲಿ 2.00 ಅಂತ ತೋರಿಸಿದ ಕಡೆ ಫಿಲಮೆಂಟ್ ಬದಲಿಸಲು ಹಾಕಿದ್ದೆ. ಪ್ಲೇಟಿನ ಮೇಲೆಲ್ಲಾ ಬಿಳಿ ಬಳಿದ ಹಾಗಾಯ್ತು, ಅದೂ ಬೂದು ಬಿಳಿ. ಎಲ್ಲಿ ತಪ್ಪಿದೆ?
– ಓದುಗರು, ಮೂಡಿಗೆರೆ

ಉತ್ತರ: ಒಂದೇ ಒಂದು ಲೇಯರ್ ಮುಂಚೆ ಬದಲಿಸಿದ್ದೀರಿ. ನಾನೂ ಮೊದಲ ಬೋರ್ಡನ್ನು ಹೀಗೇ ಕೆಡಿಸಿದ್ದೆ.

ಸ್ಲೈಸರ್ ತೋರಿಸುವ ಎತ್ತರ ಆ ಲೇಯರ್ ಮುಗಿಯುವ ಎತ್ತರ. ಆದರೆ ಪ್ರಿಂಟರ್ ನಿಲ್ಲುವುದು ಆ ಲೇಯರ್ ಶುರುವಾಗುವ ಮುಂಚೆ. 2.00 ಅಂದರೆ ಹತ್ತನೇ ಲೇಯರ್, ಅದು ಪ್ಲೇಟಿನದೇ ಕೊನೆಯ ಪದರ. ಅದು ಶುರುವಾಗುವಾಗಲೇ ಬಿಳಿ ಬಂದುಬಿಟ್ಟಿದೆ. ನೀವು ಆರಿಸಬೇಕಿದ್ದದ್ದು 2.20, ಅಂದರೆ ಹನ್ನೊಂದನೇ ಲೇಯರ್. ಮೊದಲ ಲೇಯರನ್ನು ದಪ್ಪ ಇಟ್ಟರೆ ಈ ಲೆಕ್ಕ ತಪ್ಪುತ್ತದೆ. ಆಗ ಪ್ರಿವ್ಯೂನಲ್ಲಿ ಅಕ್ಷರ ಮೊದಲು ಕಾಣಿಸುವ ಲೇಯರನ್ನೇ ಹುಡುಕಿ ಹಾಕಿ.

ಬೂದು ಬಣ್ಣಕ್ಕೆ ಎರಡು ಕಾರಣ ಇರಬಹುದು. ಎಲ್ಲಾ ಕಡೆ ಒಂದೇ ಸಮ ಬೂದಾಗಿದ್ದರೆ, 0.2 ಮಿ.ಮೀ. ಬಿಳಿ ಪದರದ ಅಡಿಯಿಂದ ಕಪ್ಪು ಇಣುಕುತ್ತಿದೆ ಅಷ್ಟೆ. ಅಕ್ಷರಕ್ಕೆ ಐದು ಲೇಯರ್ ಇರುವುದರಿಂದ ಅದರ ಮೇಲ್ಭಾಗ ಬೆಳ್ಳಗೇ ಬಂದಿರುತ್ತದೆ, ನೋಡಿ. ಬದಲಿಗೆ, ಪ್ರಿಂಟ್ ಮುಂದುವರಿದ ಜಾಗದಲ್ಲಿ ಗೆರೆ ಗೆರೆಯಾಗಿ ಕಪ್ಪಿದ್ದು ಆಮೇಲೆ ತಿಳಿಯಾಗಿದ್ದರೆ, ನಾಜಲ್‌ನಲ್ಲಿ ಹಳೆಯದು ಉಳಿದಿತ್ತು. ಕಪ್ಪಿನಿಂದ ಬಿಳಿಗೆ ಹೋಗುವುದೇ ಕಷ್ಟದ ದಾರಿ. ಬಿಳಿ ಬಂತು ಅನ್ನಿಸಿದ ಮೇಲೂ ಇನ್ನೊಂದು ನಾಲ್ಕು ಬೆರಳು ಫಿಲಮೆಂಟ್ ಹರಿಯಲು ಬಿಡಿ. ತುದಿಗೆ ಇಳಿದ ಎಳೆಯನ್ನು ಚಿಮಟದಿಂದ ಎಳೆದು ತಕ್ಷಣ ಮುಂದುವರಿಸಿ.

ಫಿಲಮೆಂಟ್ ತಳ್ಳುವಾಗ ಹೆಡ್ ಅಥವಾ ಬೆಡ್ ಅಲುಗದಂತೆ ನೋಡಿಕೊಳ್ಳಿ. ಅಲುಗಿದರೆ ಅಕ್ಷರವೆಲ್ಲ ಒಂದು ಪಕ್ಕಕ್ಕೆ ಸರಿದು ಕೂರುತ್ತದೆ. ಕೆಲವು ಪ್ರಿಂಟರ್‌ಗಳಲ್ಲಿ ಕೆಲ ನಿಮಿಷ ಸುಮ್ನೆ ನಿಂತರೆ ಮೋಟಾರ್ ತಾನೇ ಬಿಡುವು ತಗೊಳ್ಳುತ್ತದೆ, ಆಗಲೂ ಇದೇ ಗತಿ. ನಿಂತಿರುವಾಗ ಕಾಫಿ ಕುಡಿಯಲು ಹೋಗಬೇಡಿ.

ಬಣ್ಣ ಬದಲಿಸುವ ಜಾಗದಲ್ಲಿ ಸ್ಲೈಸರ್ ಸಾಮಾನ್ಯವಾಗಿ ಬರೆಯುವ ಆಜ್ಞೆ ಇಷ್ಟೇ:

```
M600
```

ನಿಮ್ಮ ಪ್ರಿಂಟರ್ ನಿಂತಿದೆ, ಹಾಗಾಗಿ ತೊಂದರೆ ಇಲ್ಲ. ಈ ಆಜ್ಞೆ ಗೊತ್ತಿಲ್ಲದ ಹಳೆ ಫರ್ಮ್‌ವೇರ್ ಇದ್ದರೆ ಪ್ರಿಂಟರ್ ನಿಲ್ಲದೆ ಕಪ್ಪಿನಲ್ಲೇ ಮುಗಿಸಿಬಿಡುತ್ತದೆ.

ಇನ್ನೊಂದು ಮಾತು. ಗೇಟಿಗೆ ಹಾಕುವ ಬೋರ್ಡ್ ಅಲ್ವಾ? ಪಿಎಲ್‌ಎ ಫಿಲಮೆಂಟ್‌ನದಾದರೆ ಬೇಸಿಗೆ ಬಿಸಿಲಿಗೆ ಬಾಗುತ್ತದೆ. ಮತ್ತೆ ಮಾಡುವಾಗ ಪಿಇಟಿಜಿ ಬಳಸಿ, ಎರಡೂ ಬಣ್ಣ ಅದರಲ್ಲೇ ಇರಲಿ. ಪಿಇಟಿಜಿ ಪ್ಲೇಟಿನ ಮೇಲೆ ಪಿಎಲ್‌ಎ ಅಕ್ಷರ ಕೂರಿಸಿದರೆ ಉಗುರಿನಲ್ಲೇ ಎದ್ದು ಬರುತ್ತದೆ.