ವ್ಯೂಸ್‌ನಿಂದ ಆರ್ಡರ್‌ವರೆಗೆ: ಚಟ್ನಿ ಪುಡಿ ಗಿರಾಕಿಗಳು ಎಲ್ಲಿ ನಿಂತುಬಿಟ್ಟರು ಅಂತ ನಾನು ಎಣಿಸಿದ್ದು

ಪ್ರಶ್ನೆ: ಚಿಕ್ಕಬಳ್ಳಾಪುರದಲ್ಲಿ ಮನೆಯಲ್ಲೇ ಚಕ್ಲಿ, ನಿಪ್ಪಟ್ಟು ಮಾಡಿ ಮಾರ್ತೀನಿ. ಇನ್‌ಸ್ಟಾಗ್ರಾಂ ರೀಲ್ಸ್‌ಗೆ ಸಾವಿರಾರು ವ್ಯೂಸ್ ಬರುತ್ತೆ, ಆರ್ಡರ್ ಮಾತ್ರ ವಾರಕ್ಕೆ ಎರಡೋ ಮೂರೋ. ಜನ ಎಲ್ಲಿ ಬಿಟ್ಟು ಹೋಗ್ತಿದ್ದಾರೆ ಅಂತ ಹೇಗೆ ತಿಳ್ಕೊಳ್ಳೋದು?

ಉತ್ತರ:

ಮೇಲಿನಿಂದ ಎಣಿಸಬೇಡಿ, ಕೆಳಗಿನಿಂದ ಎಣಿಸಿ. ಅಂದರೆ ವ್ಯೂಸ್ ಬಿಟ್ಟು, ದುಡ್ಡು ಕೊಟ್ಟವರಿಂದ ಶುರು ಮಾಡಿ ಒಂದೊಂದೇ ಮೆಟ್ಟಿಲು ಹಿಂದಕ್ಕೆ ಹೋಗಿ. ನನಗೆ ಇದು ಹೊಳೆಯುವುದಕ್ಕೆ ಒಂದು ವರ್ಷ ಬೇಕಾಯಿತು.

ನಾನು ತುಮಕೂರಿನವಳು. ಮನೆಯಲ್ಲೇ ಕಡ್ಲೆಕಾಯಿ ಚಟ್ನಿ ಪುಡಿ ಮಾಡುತ್ತೇನೆ. ಪಾವಗಡದ ಕಡೆಯ ಕಡ್ಲೆಕಾಯಿ, ತಿಪಟೂರು ಕೊಬ್ಬರಿ, ಬ್ಯಾಡಗಿ ಮೆಣಸಿನಕಾಯಿ. ಕಾಲು ಕೆಜಿ ಪ್ಯಾಕೆಟ್‌ಗೆ 140 ರೂಪಾಯಿ. ಊರಲ್ಲಿ ಕೊಳ್ಳುವವರು ಮನೆಗೇ ಬಂದು ತಗೊಂಡು ಹೋಗುತ್ತಾರೆ. ಇನ್‌ಸ್ಟಾದಿಂದ ಬರುವವರಲ್ಲಿ ಬೆಂಗಳೂರಿನವರೇ ಜಾಸ್ತಿ, ಅವರಿಗೆ ಕೊರಿಯರ್ ಮಾಡಬೇಕು.

ಒಂದು ಸಲ ಹುರಿದ ಕಡ್ಲೆಕಾಯಿ ಬೀಜವನ್ನು ಮೊರದಲ್ಲಿ ಕೇರಿ ಸಿಪ್ಪೆ ಹಾರಿಸುವ ರೀಲ್ ಹಾಕಿದೆ. 18,400 ವ್ಯೂಸ್ ಬಂತು. ಮನೆಯಲ್ಲಿ ಎಲ್ಲರಿಗೂ ಖುಷಿ. ಆ ನಾಲ್ಕು ವಾರದಲ್ಲಿ ಇನ್‌ಸ್ಟಾ ಕಡೆಯಿಂದ ಬಂದ ಆರ್ಡರ್ ಒಟ್ಟು 9. ಅದರಲ್ಲಿ 7 ಜನ ಒಂದೊಂದೇ ಪ್ಯಾಕೆಟ್ ತಗೊಂಡಿದ್ದರು. ಆಗ ಒಂದು ನೋಟ್‌ಬುಕ್ ತೆಗೆದು ಹಿಂದಕ್ಕೆ ಎಣಿಸುತ್ತಾ ಹೋದೆ.

ದುಡ್ಡು ಕೊಟ್ಟವರು 9. ವಾಟ್ಸ್ಆ್ಯಪ್‌ನಲ್ಲಿ ಮೆಸೇಜ್ ಮಾಡಿದವರು 41. ಪ್ರೊಫೈಲ್‌ನಲ್ಲಿರುವ ಲಿಂಕ್ ಒತ್ತಿದವರು 62. ಪ್ರೊಫೈಲ್‌ಗೆ ಬಂದು ನೋಡಿದವರು 310. ಕೊನೆಯ ಎರಡು ಲೆಕ್ಕ ಇನ್‌ಸ್ಟಾದ ಇನ್‌ಸೈಟ್ಸ್‌ನಲ್ಲೇ ಸಿಗುತ್ತದೆ. ಅದಕ್ಕೆ ಅಕೌಂಟ್ ಪ್ರೊಫೆಷನಲ್ ಆಗಿರಬೇಕು. ಮೊದಲ ಎರಡನ್ನು ನಾವೇ ಬರೆದಿಡಬೇಕು, ಬೇರೆ ದಾರಿ ಇಲ್ಲ.

18,400 ಯಾಕೆ ಬರೆದುಕೊಳ್ಳಲಿಲ್ಲ ಅಂತ ಕೇಳಬಹುದು. ವ್ಯೂಸ್‌ನಲ್ಲಿ ಒಬ್ಬರೇ ಮೂರು ಸಲ ನೋಡಿದರೆ ಮೂರು ಅಂತ ಬರುತ್ತದೆ. ಎಷ್ಟು ಅಕೌಂಟ್‌ಗಳಿಗೆ ತಲುಪಿತು ಅನ್ನೋ ಲೆಕ್ಕ ಬೇರೆ ಇರುತ್ತದೆ. ಅದೂ ಪೂರ್ತಿ ಉಪಯೋಗಕ್ಕೆ ಬರಲ್ಲ, ಯಾಕೆಂದರೆ ಮೊರ ಕೇರುವುದನ್ನು ನೋಡೋಕೆ ಚೆಂದ ಅಂತ ಎಲ್ಲೆಲ್ಲಿಯವರೋ ನೋಡುತ್ತಾರೆ. ನನ್ನ ಪುಡಿ ತಲುಪದ ಊರಿನವರು ನೋಡಿದರೆ ನನಗೆ ಏನು ಬಂತು? ಇನ್‌ಸೈಟ್ಸ್‌ನಲ್ಲಿ ಯಾವ ಊರಿನವರು ಜಾಸ್ತಿ ಅಂತ ತೋರಿಸುವ ಜಾಗ ಇದೆ. ಅಲ್ಲಿ ಬೆಂಗಳೂರು, ತುಮಕೂರು ಮೇಲಿದ್ದರೆ ಸಾಕು ಅಂದುಕೊಂಡು ನಾನು ಮುಂದೆ ಹೋದೆ.

ಈಗ ನೋಡಿ, ಎಲ್ಲಕ್ಕಿಂತ ನೋವಾಗಿದ್ದು 41ರಿಂದ 9ಕ್ಕೆ ಇಳಿದ ಜಾಗ. 310ರಲ್ಲಿ 248 ಜನ ಲಿಂಕ್ ಒತ್ತದೆ ಹೋದರು ಅನ್ನುವುದು ದೊಡ್ಡ ಸಂಖ್ಯೆಯೇ. ಆದರೆ ಅವರು ಸುಮ್ನೆ ಇಣುಕಿದವರು. ಈ 32 ಜನ ಹಾಗಲ್ಲ. ಕೊಳ್ಳಬೇಕು ಅಂತಲೇ ಬಂದು, ನನ್ನ ಜೊತೆ ಮಾತಾಡಿ, ಆಮೇಲೆ ಸುಮ್ಮನಾದವರು. ಒಂದು ಭಾನುವಾರ ಮಧ್ಯಾಹ್ನ ಕೂತು ಆ 32 ಚಾಟ್‌ಗಳನ್ನೂ ಓದಿದೆ. ಒಂದೇ ಒಂದು ವಿಷಯ ಹುಡುಕಿದೆ: ಅವರು ಸುಮ್ಮನಾಗುವ ಮುಂಚೆ ನಾನು ಕಳಿಸಿದ ಕೊನೇ ಮೆಸೇಜ್ ಯಾವುದು?

ಒಂದು ಚಾಟ್ ಹೀಗಿತ್ತು.

«ಅಕ್ಕ ಚಟ್ನಿ ಪುಡಿ ಬೇಕಿತ್ತು, ರೇಟ್ ಎಷ್ಟು?»
«ಕಾಲು ಕೆಜಿ 140 ಮೇಡಂ.»
«ಸರಿ ಅಕ್ಕ ಒಂದು ಕಳಿಸಿ, ವಿಜಯನಗರ.»
«ಆಯ್ತು ಮೇಡಂ, ಕೊರಿಯರ್ 60 ಸೇರಿ 200 ಆಗುತ್ತೆ.»

ಅಷ್ಟೇ. ಎರಡು ನೀಲಿ ಟಿಕ್. ಆಮೇಲೆ ಏನೂ ಇಲ್ಲ.

ಇಂಥವೇ 17 ಚಾಟ್ ಸಿಕ್ಕವು. ಇನ್ನು 8 ಜನ ರಾತ್ರಿ ಒಂಬತ್ತು, ಹತ್ತರ ಹೊತ್ತಿಗೆ ಕೇಳಿದ್ದರು, ನಾನು ಮಾರನೇ ದಿನ ಕೆಲಸ ಮುಗಿಸಿ ಉತ್ತರ ಕೊಟ್ಟಿದ್ದೆ. 4 ಜನ ನಾನು ಕಳಿಸದ ದೂರದ ಊರುಗಳವರು. ಉಳಿದ 3 ಯಾಕೆ ಅಂತ ಗೊತ್ತಾಗಲಿಲ್ಲ. ಅಂದರೆ ರುಚಿ, ಫೋಟೋ, ರೀಲ್ ಯಾವುದರ ತಪ್ಪೂ ಅಲ್ಲ. 140 ಅಂತ ಒಪ್ಪಿಕೊಂಡು ಬಂದವರಿಗೆ ಬಾಗಿಲ ಹತ್ತಿರ ನಿಲ್ಲಿಸಿ 200 ಅಂದಿದ್ದೆ ನಾನು.

ಕೊರಿಯರ್ ಅಂಗಡಿಯವರು ನನಗೆ ಬೆಂಗಳೂರಿಗೆ ಅರ್ಧ ಕೆಜಿವರೆಗೆ 60, ಒಂದು ಕೆಜಿವರೆಗೆ 80 ತಗೊಳ್ಳುತ್ತಾರೆ. ಒಂದು ಪ್ಯಾಕೆಟ್ ತರಿಸಿದರೆ ಗಿರಾಕಿಗೆ 200 ಬೀಳುತ್ತದೆ. ಮೂರು ಪ್ಯಾಕೆಟ್ ತರಿಸಿದರೆ ಡಬ್ಬ ಸೇರಿಯೂ ಒಂದು ಕೆಜಿ ಒಳಗೇ ಇರುತ್ತದೆ. 420ಕ್ಕೆ 80 ಸೇರಿಸಿದರೆ 500, ಅಂದರೆ ಪ್ಯಾಕೆಟ್‌ಗೆ 167ರ ಹತ್ತಿರ. ನಾನು ರೇಟನ್ನು ಒಂದು ರೂಪಾಯಿಯೂ ಇಳಿಸಲಿಲ್ಲ. ಹೇಳುವ ರೀತಿ ಬದಲಿಸಿದೆ ಅಷ್ಟೇ: «3 ಪ್ಯಾಕೆಟ್, ಬೆಂಗಳೂರಿಗೆ ಮನೆ ಬಾಗಿಲಿಗೆ 500. ಒಂದೇ ಸಾಕು ಅಂದ್ರೆ 200.» ಇದನ್ನು ಮೊದಲನೇ ಉತ್ತರದಲ್ಲೇ ಹೇಳುತ್ತೇನೆ, ಪ್ರೊಫೈಲ್‌ನ ಬಯೋದಲ್ಲೂ ಬರೆದಿದ್ದೇನೆ. ಮುಂಚೆ ಅಲ್ಲಿ «ಅಮ್ಮನ ಕೈರುಚಿ» ಅಂತ ಮಾತ್ರ ಇತ್ತು. ಏನು ಮಾರುತ್ತೇನೆ, ಯಾವ ಊರು, ಎಷ್ಟು ರೇಟು, ಒಂದೂ ಇರಲಿಲ್ಲ.

ರಾತ್ರಿಯ ಗಿರಾಕಿಗಳಿಗೆ ವಾಟ್ಸ್ಆ್ಯಪ್ ಬಿಸಿನೆಸ್‌ನ ಕ್ವಿಕ್ ರಿಪ್ಲೈ ಇಟ್ಟುಕೊಂಡೆ. ರೇಟು, ಕೊರಿಯರ್, ಎಷ್ಟು ದಿನ ಇಡಬಹುದು, ಎಲ್ಲಾ ಒಂದೇ ಮೆಸೇಜಿನಲ್ಲಿ. `/` ಒತ್ತಿ ಆರಿಸಿದರೆ ಹೋಗುತ್ತದೆ. ಒಲೆ ಮುಂದೆ ನಿಂತಿದ್ದರೂ ಕಳಿಸಬಹುದು.

ಕಾಮೆಂಟ್‌ನಲ್ಲೂ ಇದೇ ತಪ್ಪು ಮಾಡಿದ್ದೆ. ಆ ರೀಲ್ ಕೆಳಗೆ 19 ಜನ ರೇಟ್ ಕೇಳಿದ್ದರು. ಎಲ್ಲರಿಗೂ «ಡಿಎಂ ಮಾಡಿ» ಅಂತ ಹಾಕಿದ್ದೆ. ಮಾಡಿದವರು 4. ದಯವಿಟ್ಟು ಹಾಗೆ ಮಾಡಬೇಡಿ. ರೇಟನ್ನು ಅಲ್ಲೇ ಬರೆದು, ಆ ಕಾಮೆಂಟನ್ನು ಪಿನ್ ಮಾಡಿ. ಕೇಳೋಕೆ ಸಂಕೋಚಪಟ್ಟು ಸುಮ್ನೆ ಓದಿಕೊಂಡು ಹೋಗುವವರಿಗೂ ಅದು ಕಾಣುತ್ತದೆ.

ಇನ್ನು ಗಿರಾಕಿ ಎಲ್ಲಿಂದ ಬಂದರು ಅಂತ ಗೊತ್ತಾಗದಿದ್ದರೆ ಈ ಲೆಕ್ಕವೆಲ್ಲಾ ಕಲಸಿಹೋಗುತ್ತದೆ. ಅದಕ್ಕೆ ಒಂದು ಸುಲಭದ ಉಪಾಯ ಇದೆ. ವಾಟ್ಸ್ಆ್ಯಪ್ ಲಿಂಕ್‌ನಲ್ಲೇ ಮೊದಲ ಮೆಸೇಜ್ ಬರೆದಿಡಬಹುದು.

```
https://wa.me/91XXXXXXXXXX?text=CP1%20beku
https://wa.me/91XXXXXXXXXX?text=CP2%20beku
https://wa.me/91XXXXXXXXXX?text=CP3%20beku
```

ನಂಬರ್ ಶುರುವಾಗುವ ಮೊದಲು 91 ಇರಬೇಕು. ಪ್ಲಸ್ ಗುರುತು, ಶುರುವಿನಲ್ಲಿ ಸೊನ್ನೆ, ಮಧ್ಯೆ ಗೀಟು ಯಾವುದೂ ಬೇಡ. `%20` ಅಂದರೆ ಎರಡು ಪದಗಳ ನಡುವಿನ ಖಾಲಿ ಜಾಗ. CP1 ನನ್ನ ಬಯೋದಲ್ಲಿದೆ, CP2 ಸ್ಟೋರಿಯಲ್ಲಿ, CP3 ಪ್ಯಾಕೆಟ್ ಮೇಲಿನ ಕ್ಯೂಆರ್ ಕೋಡ್‌ನಲ್ಲಿ. ಗಿರಾಕಿ ಒತ್ತಿದ ತಕ್ಷಣ ಆ ಅಕ್ಷರಗಳು ಟೈಪ್ ಆಗಿ ನಿಂತಿರುತ್ತವೆ, ಕಳಿಸಿದರೆ ಆಯಿತು. ಕೆಲವರು ಅಳಿಸಿ ತಮ್ಮ ಮಾತಿನಲ್ಲಿ ಬರೆಯುತ್ತಾರೆ. ಅಂಥವರನ್ನು «ಎಲ್ಲಿ ನೋಡಿದ್ರಿ?» ಅಂತ ನಾನೇ ಕೇಳುತ್ತೇನೆ. ಕೇಳಿದ್ದರಿಂದ ಇನ್ನೊಂದು ದಾರಿಯೂ ಗೊತ್ತಾಯಿತು. ಯಾರೋ ರೀಲನ್ನು ಅಪಾರ್ಟ್‌ಮೆಂಟ್ ಗ್ರೂಪಿಗೆ ಹಾಕಿರುತ್ತಾರೆ, ಅಲ್ಲಿಂದ ನಂಬರ್ ಹಿಡಿದು ಬರುತ್ತಾರೆ. ಇವರು ಯಾವ ಇನ್‌ಸೈಟ್ಸ್‌ನಲ್ಲೂ ಕಾಣುವುದಿಲ್ಲ. ಹಾಗಾಗಿ ಆ್ಯಪ್ ತೋರಿಸುವ ಲೆಕ್ಕವನ್ನೇ ಪೂರ್ತಿ ನಂಬಬೇಡಿ.

ಬಂದ ಚಾಟ್‌ಗಳಿಗೆ ವಾಟ್ಸ್ಆ್ಯಪ್ ಬಿಸಿನೆಸ್‌ನಲ್ಲಿ ಲೇಬಲ್ ಹಾಕಬಹುದು. ಹೊಸ ಗಿರಾಕಿ, ದುಡ್ಡು ಬಾಕಿ, ದುಡ್ಡು ಬಂತು, ಕಳಿಸಿ ಆಯ್ತು, ಇಷ್ಟಿದ್ದರೆ ಧಾರಾಳವಾಯಿತು. ಭಾನುವಾರ ಒಂದೊಂದು ಲೇಬಲ್‌ನಲ್ಲಿ ಎಷ್ಟು ಚಾಟ್ ಇದೆ ನೋಡಿ ನೋಟ್‌ಬುಕ್‌ಗೆ ಇಳಿಸುತ್ತೇನೆ. ಹತ್ತು ನಿಮಿಷದ ಕೆಲಸ.

ರೇಟ್ ಹೇಳುವ ರೀತಿ ಬದಲಿಸಿದ ಮೇಲೆ ಬಂದ ನಾಲ್ಕು ವಾರದಲ್ಲಿ ಮೆಸೇಜ್ ಮಾಡಿದವರು 44, ಹೆಚ್ಚುಕಡಿಮೆ ಅಷ್ಟೇ. ಆದರೆ ದುಡ್ಡು ಕೊಟ್ಟವರು 17. ಅದರಲ್ಲಿ 11 ಜನ ಮೂರು ಪ್ಯಾಕೆಟ್‌ನವರು. ಮುಂಚಿನ ತಿಂಗಳು ಒಟ್ಟು 11 ಪ್ಯಾಕೆಟ್ ಹೋಗಿತ್ತು, ಈ ಸಲ 39. ವ್ಯೂಸ್ ಮುಂಚಿಗಿಂತ ಕಮ್ಮಿಯೇ ಇತ್ತು.

ಒಂದು ಎಚ್ಚರಿಕೆ. ನಮ್ಮಂಥವರ ಸಂಖ್ಯೆ ಚಿಕ್ಕದು. ಒಂದು ವಾರ 3 ಆರ್ಡರ್, ಮುಂದಿನ ವಾರ 5 ಬಂದರೆ ಅದು ಸುಧಾರಣೆಯೋ ಸುಮ್ನೆ ಹಾಗಾಯಿತೋ ಹೇಳೋಕಾಗಲ್ಲ. ಹಬ್ಬ ಬಂದರೆ ತಾನಾಗೇ ಏರುತ್ತದೆ. ಅದಕ್ಕೇ ನಾಲ್ಕು ವಾರದ ಲೆಕ್ಕವನ್ನು ನಾಲ್ಕು ವಾರದ ಜೊತೆ ಇಟ್ಟು ನೋಡಿ, ಒಂದು ಸಲಕ್ಕೆ ಒಂದನ್ನೇ ಬದಲಿಸಿ. ನಾನು ರೇಟ್ ಮೆಸೇಜ್, ಬಯೋ, ಕ್ವಿಕ್ ರಿಪ್ಲೈ ಮೂರನ್ನೂ ಒಟ್ಟಿಗೇ ಬದಲಿಸಿದೆ. ಹಾಗಾಗಿ ಯಾವುದರಿಂದ ಎಷ್ಟು ಆಯಿತು ಅಂತ ಬಿಡಿಸಿ ಹೇಳೋಕೆ ನನಗೆ ಆಗಲ್ಲ.

ಬೂಸ್ಟ್ ಮಾಡಬೇಕಾ ಅಂತ ಮನಸ್ಸಿನಲ್ಲಿದ್ದರೆ ಸ್ವಲ್ಪ ತಡೆಯಿರಿ. ಈ ಲೆಕ್ಕ ಗೊತ್ತಿಲ್ಲದಾಗ ನಾನು 600 ರೂಪಾಯಿ ಹಾಕಿ ಒಂದು ರೀಲ್ ಬೂಸ್ಟ್ ಮಾಡಿದ್ದೆ. ಮೂರು ಆರ್ಡರ್ ಬಂತು, ಮೂರೂ ಒಂದೊಂದು ಪ್ಯಾಕೆಟ್. ಒಂದು ಆರ್ಡರ್‌ಗೆ 200 ಖರ್ಚು, ಪ್ಯಾಕೆಟ್‌ನಲ್ಲಿ ನನಗೆ ಉಳಿಯುವುದು 45ರ ಹತ್ತಿರ. ತೂತು ಮುಚ್ಚದೆ ಕೊಡದಲ್ಲಿ ನೀರು ತುಂಬಿಸಿದ ಹಾಗಾಯಿತು.

ದುಡ್ಡು ಬಂದ ಮೇಲೂ ಒಂದು ಮೆಟ್ಟಿಲಿದೆ, ಎರಡನೇ ಆರ್ಡರ್. ಕಾಲು ಕೆಜಿ ಪುಡಿ ನಾಲ್ಕು ಜನರ ಮನೆಯಲ್ಲಿ ಮೂರು ನಾಲ್ಕು ವಾರಕ್ಕೆ ಮುಗಿಯುತ್ತದೆ ಅಂತ ಗಿರಾಕಿಗಳೇ ಹೇಳಿದ್ದಾರೆ. ಆ ಹೊತ್ತಿಗೆ ನೆನಪಿಸಬೇಕು. ವಾಟ್ಸ್ಆ್ಯಪ್ ಬ್ರಾಡ್‌ಕಾಸ್ಟ್ ಲಿಸ್ಟ್‌ನಲ್ಲಿ ಕಳಿಸಿದರೆ ನಮ್ಮ ನಂಬರ್ ಸೇವ್ ಮಾಡಿಕೊಂಡವರಿಗೆ ಮಾತ್ರ ತಲುಪುತ್ತದೆ. ಇದು ಗೊತ್ತಿಲ್ಲದೆ ತಿಂಗಳುಗಟ್ಟಲೆ ಗಾಳಿಗೆ ಮೆಸೇಜ್ ಕಳಿಸುತ್ತಿದ್ದೆ. ಈಗ ಪಾರ್ಸೆಲ್ ಕಳಿಸಿದ ದಿನವೇ «ನಂಬರ್ ಸೇವ್ ಮಾಡ್ಕೊಳ್ಳಿ, ಮುಂದಿನ ಸಲ ಪುಡಿ ಕುಟ್ಟುವಾಗ ತಿಳಿಸ್ತೀನಿ» ಅಂತ ಬರೆಯುತ್ತೇನೆ. ಪ್ಯಾಕೆಟ್ ಲೇಬಲ್‌ನಲ್ಲಿ ಎಫ್‌ಎಸ್‌ಎಸ್‌ಎಐನ 14 ಅಂಕಿಯ ನಂಬರ್ ಪಕ್ಕದಲ್ಲೇ CP3 ಕೋಡ್ ಇದೆ. ಅದರಿಂದ ಬಂದ ಮೆಸೇಜ್ ಅಂದರೆ ಪುಡಿ ತಿಂದು ನೋಡಿದವರದ್ದು. ಅವರು ರೇಟ್ ಕೇಳುವುದೇ ಕಮ್ಮಿ, ನೇರ ಅಡ್ರೆಸ್ ಕಳಿಸುತ್ತಾರೆ.

ನಿಮ್ಮದು ಚಕ್ಲಿ, ನಿಪ್ಪಟ್ಟು, ಹಾಗಾಗಿ ಒಂದು ವ್ಯತ್ಯಾಸ ಇದೆ. ಪುಡಿ ಒಡೆಯುವುದಿಲ್ಲ, ನಿಪ್ಪಟ್ಟು ಒಡೆಯುತ್ತದೆ. ಗಟ್ಟಿ ಡಬ್ಬ ಹಾಕಿದರೆ ತೂಕ, ಖರ್ಚು ಎರಡೂ ಏರುತ್ತದೆ. ಹಾಕದಿದ್ದರೆ ಮೊದಲ ಆರ್ಡರ್ ಬಂದರೂ ಎರಡನೇದು ಬರಲ್ಲ. ಒಂದು ಕೆಜಿ ಒಳಗೆ ಡಬ್ಬ ಸೇರಿ ಎಷ್ಟು ನಿಪ್ಪಟ್ಟು ಹಿಡಿಯುತ್ತೆ ಅಂತ ಮೊದಲು ತೂಗಿ ನೋಡಿ, ಆ ಅಳತೆಗೇ ಒಂದು ರೇಟ್ ಕಟ್ಟಿ. ಅದಕ್ಕೂ ಮುಂಚೆ, ಇವತ್ತು ರಾತ್ರಿನೇ ಕೂತು ಸುಮ್ಮನಾದ ಗಿರಾಕಿಗಳ ಚಾಟ್ ತೆಗೆದು ನೀವು ಕಳಿಸಿದ ಕೊನೇ ಮೆಸೇಜ್‌ಗಳನ್ನು ಓದಿ. ಏನು ಸಿಕ್ಕಿತು ಅಂತ ಇಲ್ಲೇ ಬರೆದರೆ ಮುಂದೇನು ಮಾಡಬಹುದು ಅಂತ ಸೇರಿ ನೋಡೋಣ.